ಅರ್ಧ ರಸ್ತೆ ಬಿಟ್ಟು, ಅರ್ಧ ರಸ್ತೆ ಕಟ್ಟಿದ್ದು

ಮಂಡ್ಯ ಜಿಲ್ಲೆಯ ಒಂದು ರಸ್ತೆ ಅಗಲೀಕರಣದಲ್ಲಿ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ಐದೂವರೆ ಮೀಟರ್ ಡಾಂಬರು ರಸ್ತೆಯನ್ನು ಎರಡೂ ಬದಿಯ ಅಂಚುಪಟ್ಟಿ, ಅಂದರೆ ಶೋಲ್ಡರ್ ಸೇರಿ ಹತ್ತು ಮೀಟರ್ ಮಾಡಬೇಕಿತ್ತು. ಓಡಾಟ ಒಂದು ದಿನವೂ ನಿಲ್ಲುವಂತಿರಲಿಲ್ಲ. ಬಸ್ಸು, ಹಾಲಿನ ಗಾಡಿ, ಕಬ್ಬಿನ ಟ್ರ್ಯಾಕ್ಟರು ಎಲ್ಲಕ್ಕೂ ಅದೊಂದೇ ದಾರಿ. ಇಡೀ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು, ಹೆಚ್ಚು ಕಲಿಸಿದ್ದು ನಾಲೆಯ ಮೇಲಿನ ಒಂದು ಹಳೆಯ ಮೋರಿ. ಅದರ ಬಗ್ಗೆಯೇ ಬರೆಯುತ್ತೇನೆ.

ಹಳೆಯ ಮೋರಿ ತೆಗೆದು ಆ ಜಾಗದಲ್ಲಿ ಬಾಕ್ಸ್ ಕಲ್ವರ್ಟ್, ಅಂದರೆ ಪೆಟ್ಟಿಗೆಯಾಕಾರದ ಕಾಂಕ್ರೀಟ್ ಮೋರಿ ಕಟ್ಟಬೇಕು. ಪಕ್ಕದಲ್ಲಿ ತಾತ್ಕಾಲಿಕ ರಸ್ತೆ ಮಾಡೋಣವೆಂದರೆ ಎರಡೂ ಕಡೆ ಬೆಳೆದು ನಿಂತ ಗದ್ದೆ. ಜಾಗ ಸಿಗಲಿಲ್ಲ. ಹಾಗಾಗಿ ಎರಡು ಹಂತ ಮಾಡಿದೆವು. ಮೊದಲು ಅಗಲವಾಗುವ ಬದಿಯಲ್ಲಿ ಹೊಸ ಅರ್ಧ ಕಟ್ಟುವುದು, ಗಾಡಿಗಳನ್ನು ಅದರ ಮೇಲೆ ಬಿಟ್ಟ ಮೇಲೆ ಹಳೆಯದನ್ನು ಒಡೆಯುವುದು. ಮೊದಲ ಹಂತದಲ್ಲಿ ಗುಂಡಿ ಹಳೆ ರಸ್ತೆಯ ಅಂಚನ್ನು ತಿಂದುಹಾಕುತ್ತಿತ್ತು. ತಡೆಗೋಡೆಗೂ ಜಾಗ ಬಿಟ್ಟರೆ ಉಳಿಯುತ್ತಿದ್ದದ್ದು ನಾಲ್ಕು ಮೀಟರ್ ಮಾತ್ರ. ಅಂದರೆ ಒಂದು ಸಲಕ್ಕೆ ಒಂದೇ ಕಡೆಯ ಗಾಡಿ.

ಇಂಥ ಕೆಲಸಕ್ಕೆ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಮಾರ್ಗಸೂಚಿ ಇದೆ. ಕಾಮಗಾರಿ ಜಾಗವನ್ನು ಅದು ನಾಲ್ಕು ಭಾಗವಾಗಿ ನೋಡುತ್ತದೆ: ಮುನ್ಸೂಚನೆ ಕೊಡುವ ಭಾಗ, ಗಾಡಿಯನ್ನು ನಿಧಾನವಾಗಿ ಪಕ್ಕಕ್ಕೆ ತಿರುಗಿಸುವ ಭಾಗ, ಕೆಲಸದ ಭಾಗ, ಮತ್ತೆ ಮೊದಲಿನ ದಾರಿಗೆ ಬಿಡುವ ಭಾಗ. ಈ ನಕ್ಷೆ ಬರೆಯುವುದು ಸುಲಭ. ಆದರೆ ಯಾವ ಭಾಗ ಎಷ್ಟು ಉದ್ದ ಎನ್ನುವುದು ಆ ರಸ್ತೆಯ ಗಾಡಿಗಳನ್ನು ಎಣಿಸದೆ ಗೊತ್ತಾಗುವುದಿಲ್ಲ.

ನಾವು ಎಣಿಸಿದೆವು, ಸಂತೆ ದಿನವನ್ನೂ ಸೇರಿಸಿ. ಹೆಚ್ಚು ಗಾಡಿ ಬರುತ್ತಿದ್ದದ್ದು ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ. ಆ ಒಂದು ಗಂಟೆಯಲ್ಲಿ ಎರಡೂ ಕಡೆಯಿಂದ ಸುಮಾರು 340, ಅದರಲ್ಲಿ ಪಟ್ಟಣದ ಕಡೆಗೇ 220. ಇಷ್ಟು ನಿರೀಕ್ಷಿಸಿದ್ದೆ. ಬೆರಗಾದದ್ದು ರಾತ್ರಿಯ ಲೆಕ್ಕ ನೋಡಿ. ರಾತ್ರಿ ರಸ್ತೆ ಖಾಲಿ, ದೊಡ್ಡ ಕಾಂಕ್ರೀಟೆಲ್ಲ ಆಗಲೇ ಹಾಕಿಬಿಡೋಣ ಎಂದುಕೊಂಡಿದ್ದೆವು. ಆದರೆ ಕಬ್ಬು ಅರೆಯುವ ಕಾಲ. ಕಾರ್ಖಾನೆಯ ಸರತಿ ಹಿಡಿಯಲು ರೈತರು ಹತ್ತು ಗಂಟೆಗೆ ಟ್ರ್ಯಾಕ್ಟರು ಹೊರಡಿಸಿದರೆ ಒಂದು ಗಂಟೆಯವರೆಗೂ ಸಾಲು ಮುಗಿಯುತ್ತಿರಲಿಲ್ಲ. ಎಷ್ಟೋ ಟ್ರೈಲರುಗಳ ಹಿಂದೆ ಕೆಂಪು ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಗಾಡಿಗಳ ಸಂಖ್ಯೆ ಕಡಿಮೆಯಾದರೂ ಇಡೀ ದಿನದಲ್ಲಿ ಅಪಾಯ ಹೆಚ್ಚಿದ್ದದ್ದು ಆ ಮೂರು ಗಂಟೆಯಲ್ಲೇ. ಹಾಗಾಗಿ ರಸ್ತೆಗೆ ಅಡ್ಡ ಬರುವ ರಾತ್ರಿ ಕೆಲಸವನ್ನು ಒಂದೂವರೆಯಿಂದ ಐದರವರೆಗೆ ಎಂದು ಬದಲಿಸಿದೆ. ಕಾಂಕ್ರೀಟ್ ಲಾರಿಗಳು ಬರುವುದೂ ಅದೇ ಹೊತ್ತಿಗೆ.

ಇನ್ನು ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಹೋಗುವ ಭಾಗದ ಉದ್ದ. ಮೋರಿಯ ಜೊತೆಗೆ ಎರಡೂ ಕಡೆಯ ಏರಿಯನ್ನೂ ಒಟ್ಟಿಗೆ ಅಗಲಿಸಿಬಿಡೋಣ, 300 ಮೀಟರ್ ಕೊಡಿ ಎಂದು ಗುತ್ತಿಗೆದಾರರ ಕಡೆಯವರು ಕೇಳಿದರು. ಯಂತ್ರ ಒಂದೇ ಕಡೆ ನಿಂತರೆ ಅವರಿಗೆ ಖರ್ಚು ಉಳಿಯುತ್ತದೆ, ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಲೆಕ್ಕ ಹಾಕಿ ತೋರಿಸಿದೆ.

ತುಂಬಿದ ಕಬ್ಬಿನ ಟ್ರ್ಯಾಕ್ಟರು ಅಲ್ಲಿ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. 300 ಮೀಟರ್ ದಾಟಲು ಅದಕ್ಕೆ 108 ಸೆಕೆಂಡು ಬೇಕು. ಒಂದೊಂದು ಕಡೆಗೆ 60 ಸೆಕೆಂಡು ಬಿಡುತ್ತೇವೆ ಎಂದುಕೊಳ್ಳಿ. ಬಿಟ್ಟ ಮೇಲೆ ಕೊನೆಯ ಗಾಡಿ ಆಚೆ ದಾಟುವವರೆಗೂ ಎರಡೂ ಕಡೆ ಕಾಯಬೇಕು. ಆಗ ಒಂದು ಸುತ್ತಿಗೆ 336 ಸೆಕೆಂಡು, ಗಂಟೆಗೆ ಹತ್ತು ಚಿಲ್ಲರೆ ಸುತ್ತು. 60 ಸೆಕೆಂಡಿನಲ್ಲಿ ಸುಮಾರು ಇಪ್ಪತ್ತು ಗಾಡಿ ಹೊರಡುತ್ತವೆ. ಗಂಟೆಗೆ ಒಂದು ಕಡೆಯಿಂದ 214 ಗಾಡಿ ದಾಟಬಹುದು. ಬರುತ್ತಿರುವುದು 220. ಅಂದರೆ ಸಾಲು ಕರಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೆಂಪು ಬಾವುಟದ ಮುಂದೆ ನಿಂತವನು ನಾಲ್ಕೂವರೆ ನಿಮಿಷ ಕಾಯಬೇಕು. ನನ್ನ ಅನುಭವದಲ್ಲಿ ಮೂರು ನಿಮಿಷ ದಾಟಿತೆಂದರೆ ಮೊದಲು ಬೈಕುಗಳು ನುಗ್ಗುತ್ತವೆ, ಆಮೇಲೆ ಒಂದು ಕಾರು ಬಲಕ್ಕೆ ಬಂದು ಎರಡನೇ ಸಾಲು ಕಟ್ಟುತ್ತದೆ. ಎದುರಿನ ಗಾಡಿ ಹೊರಬರಲು ದಾರಿ ಇಲ್ಲದೆ ಎಲ್ಲ ಕಚ್ಚಿಕೊಳ್ಳುತ್ತದೆ.

ಅದೇ ಲೆಕ್ಕವನ್ನು 120 ಮೀಟರಿಗೆ ಮಾಡಿದರೆ ಟ್ರ್ಯಾಕ್ಟರು 43 ಸೆಕೆಂಡಿನಲ್ಲಿ ದಾಟುತ್ತದೆ. ಸುತ್ತು 206 ಸೆಕೆಂಡಿಗೆ ಇಳಿಯುತ್ತದೆ, ಕಾಯುವುದು ಎರಡೂವರೆ ನಿಮಿಷ, ಒಂದು ಕಡೆಯಿಂದ ಗಂಟೆಗೆ ಮುನ್ನೂರಕ್ಕೂ ಹೆಚ್ಚು ಗಾಡಿ ದಾಟುತ್ತವೆ. 120 ಮೀಟರ್ ಎಂದು ತೀರ್ಮಾನವಾಯಿತು. ಏರಿಯ ಅಗಲೀಕರಣವನ್ನು ಬೇರೆಯಾಗಿ ಮಾಡಿದೆವು.

ಎರಡು ತುದಿಗೂ ಒಬ್ಬೊಬ್ಬ ಬಾವುಟದವನು. ನಡುವೆ ರಸ್ತೆ ಸ್ವಲ್ಪ ಬಾಗಿದ್ದರಿಂದ ಒಬ್ಬನಿಗೊಬ್ಬ ಕಾಣುತ್ತಿರಲಿಲ್ಲ. ವಾಕಿಟಾಕಿ ಕೊಟ್ಟೆವು. ಆದರೂ ‘ಕೊನೆಯದು ಬಿಳಿ ಕಾರು’ ಎಂದರೆ, ಮಧ್ಯೆ ಇನ್ನೊಂದು ಬಿಳಿ ಕಾರು ಇದ್ದರೆ ಗೊಂದಲವಾಗುತ್ತಿತ್ತು. ಆಗ ಒಂದು ಹಳೆಯ ಉಪಾಯ ಬಳಸಿದೆವು. ಕೆಂಪು ಬಣ್ಣ ಬಳಿದ ಒಂದು ಮರದ ಕೋಲು. ಬಿಟ್ಟ ಗಾಡಿಗಳಲ್ಲಿ ಕೊನೆಯವನ ಕೈಗೆ ಕೊಡುವುದು, ಆ ತುದಿಯಲ್ಲಿ ಅದು ಕೈಗೆ ಬಂದ ಮೇಲೆಯೇ ಅಲ್ಲಿಯ ಗಾಡಿ ಬಿಡುವುದು. ಕೋಲು ಕೈಯಲ್ಲಿ ಇಲ್ಲದವನು ಯಾರಿಗೂ ಹಸಿರು ತೋರಿಸುವಂತಿಲ್ಲ. ಈ ಒಂದು ನಿಯಮದಿಂದ ಎದುರುಬದುರು ಸಿಕ್ಕಿಕೊಳ್ಳುವುದು ನಿಂತೇಹೋಯಿತು. ಊರಿನ ಹುಡುಗರಂತೂ ಬೈಕಿನಲ್ಲಿ ಬಂದು ‘ಅಣ್ಣಾ, ಕೋಲು ನಂಗೆ ಕೊಡಿ’ ಎಂದು ಕೇಳಿ ಪಡೆಯುತ್ತಿದ್ದರು.

ನಮ್ಮ ತಪ್ಪು ಬೇರೆ ಕಡೆ ಇತ್ತು. ಮೊದಲ ಬೋರ್ಡನ್ನು ಬಾವುಟದವನಿಂದ 300 ಮೀಟರ್ ದೂರದಲ್ಲಿ ನಿಲ್ಲಿಸಿದ್ದೆ. ಗಾಡಿಗಳ ವೇಗಕ್ಕೆ ಅದು ಸಾಕಿತ್ತು. ಆದರೆ ಅಳತೆಯನ್ನು ಕೆಲಸದ ಜಾಗದಿಂದ ತೆಗೆದಿದ್ದೆನೇ ಹೊರತು ನಿಂತ ಗಾಡಿಗಳ ಬಾಲದಿಂದಲ್ಲ. ಒಂದು ಸಂತೆ ದಿನ ಸಂಜೆ ಸಾಲು ಬೋರ್ಡನ್ನೂ ದಾಟಿ ತಿರುವಿನ ಹಿಂದಕ್ಕೆ ಹೋಗಿತ್ತು. ತಿರುವಿನಲ್ಲಿ ಬಂದ ಲಾರಿಗೆ ಮೊದಲು ಕಂಡದ್ದು ನಮ್ಮ ಬೋರ್ಡಲ್ಲ, ಕತ್ತಲಲ್ಲಿ ನಿಂತ ಕಬ್ಬಿನ ಟ್ರೈಲರಿನ ಹಿಂಭಾಗ. ಚಾಲಕ ಬ್ರೇಕು ಒತ್ತಿ ಎಡಕ್ಕೆಳೆದ. ಲಾರಿ ಮಣ್ಣಿಗಿಳಿದು ಗದ್ದೆಯ ಬದುವಿಗೆ ತಾಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ನಾನು ಓಡಿಹೋದಾಗ ಆತ ಇನ್ನೂ ಸ್ಟೀರಿಂಗ್ ಹಿಡಿದೇ ಕೂತಿದ್ದ. ಕೈ ನಡುಗುತ್ತಿತ್ತು. ‘ಸಾರ್, ಬೋರ್ಡ್ ಇಟ್ಟಿದ್ದೀರ, ಆದ್ರೆ ಅದು ಕಾಣೋ ಹೊತ್ಗೆ ಗಾಡಿ ಮೇಲೇ ಬಂದಿದ್ದೆ’ ಎಂದ.

ಅವತ್ತು ರಾತ್ರಿಯೇ ಬೋರ್ಡುಗಳನ್ನು ಕಿತ್ತು ತಿರುವಿನ ಆಚೆಗೆ ಹಾಕಿಸಿದೆ. ಅತಿ ಉದ್ದದ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿಂದ 300 ಮೀಟರ್ ಹಿಂದಕ್ಕೆ ಮೊದಲ ಬೋರ್ಡು. ಜೊತೆಗೆ ಮೂರನೆಯ ಒಬ್ಬನನ್ನು ನೇಮಿಸಿದೆವು. ಅವನ ಕೆಲಸ ಗಾಡಿ ಬಿಡುವುದಲ್ಲ. ಕೆಂಪು ಬ್ಯಾಟನ್ ದೀಪ ಹಿಡಿದು ಸಾಲಿನ ಬಾಲದ ಜೊತೆ ಹಿಂದಕ್ಕೂ ಮುಂದಕ್ಕೂ ನಡೆಯುವುದು. ಟ್ರ್ಯಾಕ್ಟರುಗಳಿಗೆ ಹೊಳೆಯುವ ಟೇಪನ್ನು ನಾವೇ ಅಂಟಿಸತೊಡಗಿದೆವು. ಟೆಂಡರಿನಲ್ಲಿ ಅದು ಇರಲಿಲ್ಲ. ಅದಕ್ಕಿಂತ ಒಳ್ಳೆಯ ಕಡೆಗೆ ಆ ದುಡ್ಡು ಹೋಗುತ್ತಿರಲಿಲ್ಲ ಎಂದು ಈಗಲೂ ನಂಬಿದ್ದೇನೆ.

ಬೋರ್ಡು ಹೇಗೆ ಕಾಣುತ್ತದೆಂದು ಹಗಲಿನಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ. ದಿನಾ ರಾತ್ರಿ ಕೆಲಸ ಶುರುವಾಗುವ ಮೊದಲು ನಾನು ಬೈಕಿನಲ್ಲಿ ದೀಪ ಡಿಮ್ ಮಾಡಿಕೊಂಡು ಎರಡೂ ಕಡೆಯಿಂದ ಒಮ್ಮೆ ಬರುತ್ತಿದ್ದೆ. ಮೊದಲ ವಾರದಲ್ಲೇ ಮೂರು ವಿಷಯ ಕಣ್ಣಿಗೆ ಬಿದ್ದವು. ಜಲ್ಲಿ ಪುಡಿಯ ಧೂಳು ಕೂತು ಬೋರ್ಡು ಹೊಳೆಯುವುದೇ ನಿಂತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೊಡನೆ ದೂರದಿಂದಲೇ ಕಂಡಿತು. ಆಮೇಲೆ ಸಂಜೆ ಒರೆಸುವುದನ್ನು ಒಬ್ಬನ ದಿನದ ಕೆಲಸವಾಗಿಸಿದೆವು. ಎರಡನೆಯದು, ಕೆಂಪು ಬಿಳಿ ಪೇಂಟು ಬಳಿದ ಡ್ರಮ್ಮುಗಳು. ಹಗಲಿನಲ್ಲಿ ಚೆಂದ ಕಾಣುವ ಅವು ರಾತ್ರಿ ಕಪ್ಪು. ಪೇಂಟು ಬೆಳಕನ್ನು ಚಾಲಕನ ಕಣ್ಣಿಗೆ ಹಿಂತಿರುಗಿಸುವುದಿಲ್ಲ, ಅದಕ್ಕೆ ಹೊಳೆಯುವ ಹಾಳೆಯೇ ಬೇಕು. ಮೂರನೆಯದು ನಮ್ಮದೇ ಟವರ್ ಲೈಟು. ಕೆಲಸದವರಿಗೆ ಚೆನ್ನಾಗಿ ಕಾಣಲೆಂದು ರಸ್ತೆಗೆ ಎದುರಾಗಿ ನಿಲ್ಲಿಸಿದ್ದೆವು. ಬರುವವನಿಗೆ ಅದು ಕಣ್ಣು ಕುಕ್ಕಿ ಅದರ ಕೆಳಗೆ ನಿಂತ ಬಾವುಟದವನೇ ಕಾಣುತ್ತಿರಲಿಲ್ಲ. ದೀಪವನ್ನು ಎತ್ತರಿಸಿ, ಮುಖ ಕೆಳಕ್ಕೆ ಬಾಗಿಸಿ, ಗಾಡಿ ಹೋಗುವ ದಿಕ್ಕಿಗೆ ತಿರುಗಿಸಿದ ಮೇಲೆ ಸರಿಹೋಯಿತು. ಬೋರ್ಡಿನ ಕಾಲಿಗೆ ಕಲ್ಲು ಹೇರಿದ್ದನ್ನೂ ತೆಗೆಸಿ ಮರಳಿನ ಚೀಲ ಇಡಿಸಿದೆ. ಗಾಡಿ ಗುದ್ದಿದರೆ ಕಲ್ಲು ಸಿಡಿದು ಜನರಿಗೆ ತಗಲುತ್ತದೆ.

ಮೋರಿ ಗುಂಡಿಯ ಪಕ್ಕ ಟೇಪು, ಡ್ರಮ್ಮು ಯಾವುದೂ ಸಾಲದು. ಮೂರು ಮೀಟರ್ ಆಳ. ಅಲ್ಲಿ ಕಾಂಕ್ರೀಟ್ ತಡೆಗೋಡೆಯನ್ನೇ ಸಾಲಾಗಿ ಜೋಡಿಸಿದೆವು. ಆದರೆ ಇಡೀ ರಸ್ತೆಯುದ್ದಕ್ಕೂ ಹಾಗೆ ಮಾಡಲಾಗದು. ಉಳಿದ ಕಡೆ ಅಗಲೀಕರಣಕ್ಕೆ ಡಾಂಬರಿನ ಅಂಚಿನಿಂದಲೇ ಅರ್ಧ ಮೀಟರಿಗೂ ಹೆಚ್ಚು ಆಳ ಅಗೆಯುತ್ತಿದ್ದೆವು. ಬಸ್ಸಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದ ಬೈಕು ರಾತ್ರಿ ಬೀಳುವುದು ಅಲ್ಲಿಗೇ. ಅದಕ್ಕಾಗಿ ಬೆಳಿಗ್ಗೆ ಅಗೆದಷ್ಟನ್ನು ಸಂಜೆಯೊಳಗೆ ಜಿಎಸ್‌ಬಿ ಎಂಬ ತಳಪದರದ ಜಲ್ಲಿ ಹಾಕಿ ಮುಚ್ಚಬೇಕೆಂದು ಕಟ್ಟುನಿಟ್ಟು ಮಾಡಿದೆ. ಮುಚ್ಚಲಾಗದಿದ್ದರೆ ಅಂಚಿಗೆ ಅದೇ ಜಲ್ಲಿಯನ್ನು ಇಳಿಜಾರಾಗಿ ಒರಗಿಸಬೇಕು. ಆಗ ಚಕ್ರ ಜಾರಿದರೂ ಗಾಡಿ ಪಲ್ಟಿಯಾಗುವುದಿಲ್ಲ. ದಿನಕ್ಕೆ 200 ಮೀಟರ್ ಅಗೆಯುವ ಯಂತ್ರವಿದ್ದರೂ 80 ಮೀಟರ್ ತುಂಬುವಷ್ಟೇ ಟಿಪ್ಪರುಗಳಿದ್ದವು. ಆದ್ದರಿಂದ ಅಗೆಯುವುದೂ 80 ಮೀಟರೇ. ಯಂತ್ರ ಸುಮ್ಮನೆ ನಿಂತಿದೆ ಎಂಬ ತಕರಾರು ಕೆಲಸ ಮುಗಿಯುವವರೆಗೂ ಇತ್ತು.

ಹಳೆ ಮೋರಿ ಒಡೆಯುವ ಎರಡು ರಾತ್ರಿ ಮಾತ್ರ ಭಾರಿ ಗಾಡಿಗಳನ್ನು ಸುತ್ತು ದಾರಿಗೆ ತಿರುಗಿಸಿದೆವು. ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಡಿ ಜಿಲ್ಲಾಡಳಿತದ ಆದೇಶ ಬೇಕಾಗಿತ್ತು. ಅದು ಬರುವ ಮುಂಚೆ ಪೊಲೀಸರ ಜೊತೆ ಆ ದಾರಿಯನ್ನು ತುಂಬಿದ ಲಾರಿಯಲ್ಲೇ ಕೂತು ಓಡಾಡಿ ನೋಡಿದೆ. ಜೀಪಿನಲ್ಲಿ ಹೋಗಿದ್ದರೆ ಊರೊಳಗಿನ ಜೋತುಬಿದ್ದ ಕರೆಂಟು ತಂತಿ ನನ್ನ ಗಮನಕ್ಕೆ ಬರುತ್ತಲೇ ಇರಲಿಲ್ಲ. ಅದನ್ನು ಎತ್ತಿಸಿದ ಮೇಲೆಯೇ ಗಾಡಿ ಬಿಟ್ಟದ್ದು. ಸುತ್ತು ದಾರಿಯ ಬೋರ್ಡನ್ನು ಮೋರಿಯ ಹತ್ತಿರ ಹಾಕಿದರೆ ಲಾರಿ ಬಂದು ನಿಂತು ಹಿಂದಕ್ಕೂ ತಿರುಗಲಾರದು. ಹಾಗಾಗಿ ಲಾರಿ ತಿರುಗಿಸಲು ಜಾಗವಿರುವ ಕೊನೆಯ ಕೂಡುರಸ್ತೆಯಲ್ಲಿ ಹಾಕಿದೆವು. ಬರೀ ಬಾಣ ಬರೆಯಲಿಲ್ಲ, ಮುಂದಿನ ಪಟ್ಟಣದ ಹೆಸರು ಬರೆಸಿದೆವು. ಪ್ರತಿ ಕವಲು ದಾಟಿದ ಮೇಲೂ ಅದೇ ಹೆಸರಿನ ಇನ್ನೊಂದು ಬೋರ್ಡು. ಅದು ಕಾಣದಿದ್ದರೆ ಚಾಲಕ ದಾರಿ ತಪ್ಪಿತೆಂದು ಇಳಿದು ಯಾರದೋ ಮನೆ ಬಾಗಿಲು ತಟ್ಟುತ್ತಾನೆ. ಮೊದಲ ರಾತ್ರಿ ಹಾಗೆ ಆಯಿತು. ನಡುರಾತ್ರಿ ಎದ್ದ ಅಜ್ಜಿಯೊಬ್ಬರು ಮರುದಿನ ಸೈಟಿಗೇ ಬಂದು, ‘ನಮ್ಮ್ ಮನೆ ತಾವೊಂದು ಬೋರ್ಡ್ ಹಾಕಪ್ಪ, ಎಲ್ರೂ ನನ್ನೇ ಕೇಳ್ತವ್ರೆ’ ಎಂದರು. ಹಾಕಿಸಿದೆ.

ಎರಡನೇ ಅರ್ಧದ ಮೇಲೆ ಡಾಂಬರು ಬಿದ್ದು ರಸ್ತೆ ಪೂರ್ತಿ ತೆರೆದ ದಿನ ಬೋರ್ಡು ತೆಗೆಯುವಾಗಲೂ ನಾನೇ ನಿಂತಿದ್ದೆ. ಹಾಕುವಾಗ ಅತಿ ದೂರದ್ದನ್ನು ಮೊದಲು ಹಾಕುತ್ತೇವೆ. ತೆಗೆಯುವಾಗ ಕೆಲಸದ ಹತ್ತಿರದ್ದನ್ನು ಮೊದಲು ತೆಗೆದು ದೂರದ್ದನ್ನು ಕೊನೆಗೆ. ತೆಗೆಯುವ ಆಳುಗಳೂ ರಸ್ತೆಯ ಮೇಲೇ ನಿಂತಿರುತ್ತಾರೆ. ಕೊನೆಯ ತಡೆಗೋಡೆ ಲಾರಿ ಹತ್ತಿ ಆಳುಗಳೆಲ್ಲ ಪಕ್ಕಕ್ಕೆ ಬಂದ ಮೇಲೆ, ತಿರುವಿನಾಚೆಯ ಆ ಮೊದಲ ಬೋರ್ಡನ್ನು ಕಿತ್ತು ಗಾಡಿಗೆ ಹಾಕಿದೆವು.