ಮಾವನ ಅಂಗಡಿ ಲೆಕ್ಕ ನನ್ನ ಹೆಡ್‌ಲೈನ್‌ಗೆ ಬಂದಿದ್ದು

ದಾವಣಗೆರೆಯಲ್ಲಿ ಬಿ.ಕಾಂ ಐದನೇ ಸೆಮಿಸ್ಟರ್‌ನಲ್ಲಿದ್ದಾಗ ಲಿಂಕ್ಡ್‌ಇನ್ ಪ್ರೊಫೈಲ್ ಮಾಡಿದೆ. ಕಾಲೇಜಿನ ಹೆಸರು ತುಂಬಿದ ಕೂಡಲೇ 'ಇಂಥ ಕಾಲೇಜಿನ ವಿದ್ಯಾರ್ಥಿ' ಅಂತ ಹೆಸರಿನ ಕೆಳಗಿನ ಹೆಡ್‌ಲೈನ್ ತಾನಾಗೇ ಬಂತು. ಕ್ಲಾಸಿನಲ್ಲಿ ಎಲ್ಲರದ್ದೂ ಅದೇ ಸಾಲು. ಸಪ್ಪೆ ಅನಿಸಿ, 'ಶ್ರಮಜೀವಿ, ಬೇಗ ಕಲಿಯುವವಳು, ಎಕ್ಸೆಲ್ ಎಕ್ಸ್‌ಪರ್ಟ್' ಅಂತ ಬದಲಾಯಿಸಿದೆ. ಪ್ರೊಫೈಲ್ ಬರೆದಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಎರಡು ತಿಂಗಳಲ್ಲಿ ಬಂದಿದ್ದು ಒಂದೇ ಫೋನ್. "ಎಕ್ಸೆಲ್‌ನಲ್ಲಿ ನೀವು ಮಾಡಿದ ಒಂದು ಕೆಲಸ ಹೇಳಿ" ಅಂದರು. ಬಾಯಿಗೆ ಏನೂ ಬರಲಿಲ್ಲ. ಆದರೆ ಒಂದು ವರ್ಷದಿಂದ ಪ್ರತಿ ತಿಂಗಳು ಮಾವನ ಹಾರ್ಡ್‌ವೇರ್ ಅಂಗಡಿಯ ಲೆಕ್ಕವನ್ನು ಎಕ್ಸೆಲ್‌ನಲ್ಲೇ ನೋಡುತ್ತಿದ್ದೆ! ಸಂಬಳ ಇಲ್ಲ, ಮನೆಯವರ ಅಂಗಡಿ, ಹಾಗಾಗಿ ಅದನ್ನು ಅನುಭವ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅವತ್ತು ರಾತ್ರಿ ಕೂತು ಆ ಕೆಲಸವನ್ನು ಬಿಡಿಸಿ ಬರೆದೆ. ಮಾವ ಖರೀದಿ ಮಾಡಿದ ಬಿಲ್‌ಗಳನ್ನು ಟ್ಯಾಲಿಗೆ ಹಾಕುತ್ತಿದ್ದೆ, ತಿಂಗಳಿಗೆ ಸುಮಾರು 60. ಆಮೇಲೆ ಅವನ್ನು 14ನೇ ತಾರೀಕು ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ ಖರೀದಿ ಬಿಲ್‌ಗಳ ಪಟ್ಟಿ, ಅಂದರೆ ಜಿಎಸ್‌ಟಿಆರ್-2ಬಿ ಜೊತೆ ಎಕ್ಸೆಲ್‌ನಲ್ಲಿ ತಾಳೆ ನೋಡುತ್ತಿದ್ದೆ. ಮಾರಿದವರು ತಮ್ಮ ರಿಟರ್ನ್‌ನಲ್ಲಿ ಬಿಲ್ ತೋರಿಸದಿದ್ದರೆ ಅದು 2ಬಿಯಲ್ಲಿ ಇರುವುದಿಲ್ಲ, ಮಾವನಿಗೆ ಆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. 20ರೊಳಗೆ ಆ ತಿಂಗಳ ತೆರಿಗೆ ರಿಟರ್ನ್ 3ಬಿ ಸಲ್ಲಿಸಬೇಕು, ಅಂದರೆ ಹುಡುಕಲು ಆರೇ ದಿನ. ತೊಡಕಾಗುತ್ತಿದ್ದದ್ದು ಬಿಲ್ ನಂಬರಿನಲ್ಲಿ. ನಾವು ಸುಮ್ನೆ 1045 ಅಂತ ಹಾಕಿದ್ದರೆ, 2ಬಿಯಲ್ಲಿ ಅದರ ಮುಂದೆ ಅಕ್ಷರ, ಗೆರೆ, ವರ್ಷ ಎಲ್ಲ ಇರುತ್ತಿತ್ತು. ಎಕ್ಸೆಲ್‌ನಲ್ಲಿ ಹುಡುಕುವ ಸೂತ್ರ ವಿಲುಕಪ್ ಹಾಕಿದರೆ ಸಿಗುತ್ತಿರಲಿಲ್ಲ. ಅದಕ್ಕೆ ಮಾರಿದವರ 15 ಅಂಕಿ-ಅಕ್ಷರದ ಜಿಎಸ್‌ಟಿ ನಂಬರನ್ನೂ ಬಿಲ್ ಮೊತ್ತವನ್ನೂ ಸೇರಿಸಿ ಒಂದು ಕಾಲಂ ಮಾಡಿ, ಅದರಿಂದ ಹೊಂದಿಸುತ್ತಿದ್ದೆ. ಒಬ್ಬರಿಂದಲೇ ಒಂದೇ ಮೊತ್ತದ ಎರಡು ಬಿಲ್ ಇದ್ದಾಗ ಮಾತ್ರ ಕಣ್ಣಲ್ಲೇ ನೋಡಬೇಕಿತ್ತು.

ಇಷ್ಟು ಬರೆದ ಮೇಲೆ ಹೆಡ್‌ಲೈನ್ ಕಷ್ಟವಾಗಲಿಲ್ಲ: 'ಜಿಎಸ್‌ಟಿ 2ಬಿ ತಾಳೆ, ಟ್ಯಾಲಿ, ಎಕ್ಸೆಲ್ | ಬಿ.ಕಾಂ ಅಂತಿಮ ವರ್ಷ | ದಾವಣಗೆರೆಯಲ್ಲಿ ಅಕೌಂಟ್ಸ್ ಇಂಟರ್ನ್‌ಶಿಪ್ ಬೇಕಿದೆ'. ಹೆಡ್‌ಲೈನ್‌ಗೆ 220 ಅಕ್ಷರ ಜಾಗ ಇದೆ, ಆದರೆ ತುಂಬಿಸಬೇಕಾಗಿಲ್ಲ. ಗೆಳತಿಯ ಫೋನಿನಲ್ಲಿ ನನ್ನ ಹೆಸರು ಹುಡುಕಿ ನೋಡಿದೆ. ಮೊದಲ ಕೆಲವು ಪದ ಮಾತ್ರ ಕಾಣುತ್ತಿತ್ತು, ಉಳಿದದ್ದು ಚುಕ್ಕಿ. ಅದಕ್ಕೇ ಕೆಲಸದ ಹೆಸರು ಮೊದಲಿಗೆ, ಓದು ಆಮೇಲೆ. ಜನ ಹುಡುಕುವುದೂ 'ಟ್ಯಾಲಿ', 'ಜಿಎಸ್‌ಟಿ' ಅಂತಲೇ ಅಲ್ವಾ? 'ಶ್ರಮಜೀವಿ' ಅಂತ ಯಾರು ಹುಡುಕುತ್ತಾರೆ?

ಅಬೌಟ್ ಭಾಗದಲ್ಲೂ ಇದೇ ಕಥೆ. 2,600 ಅಕ್ಷರ ಬರೆಯಬಹುದು, ಆದರೆ ಒತ್ತಿ ತೆರೆಯುವ ಮೊದಲು ಕಾಣುವುದು ಮೇಲಿನ ಎರಡು-ಮೂರು ಸಾಲು. ನನ್ನ ಹಳೆಯದು 'ಚಿಕ್ಕಂದಿನಿಂದಲೂ ನನಗೆ ಲೆಕ್ಕ ಇಷ್ಟ' ಅಂತ ಶುರುವಾಗುತ್ತಿತ್ತು. ಅದನ್ನು ತೆಗೆದು ಹೀಗೆ ಬರೆದೆ: 'ಒಂದು ವರ್ಷದಿಂದ ನಮ್ಮ ಕುಟುಂಬದ ಹಾರ್ಡ್‌ವೇರ್ ಅಂಗಡಿಯ ಖರೀದಿ ಬಿಲ್‌ಗಳನ್ನು, ತಿಂಗಳಿಗೆ ಸುಮಾರು 60, ಟ್ಯಾಲಿಗೆ ಹಾಕಿ ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುತ್ತಿದ್ದೇನೆ. ಬಿಲ್ ನಂಬರ್ ಹೊಂದದಿದ್ದಾಗ ಜಿಎಸ್‌ಟಿ ನಂಬರ್ ಮತ್ತು ಮೊತ್ತದಿಂದ ಹುಡುಕುತ್ತೇನೆ. ರಿಟರ್ನ್ ಸಲ್ಲಿಸುವುದು ನಮ್ಮ ಆಡಿಟರ್.' ಕೊನೆಗೆ ಯಾವ ತಿಂಗಳಿಂದ ಬಿಡುವಿದ್ದೇನೆ, ವಾರಕ್ಕೆ ಎಷ್ಟು ದಿನ ಬರಬಲ್ಲೆ ಅನ್ನುವ ಒಂದು ಸಾಲು.

ಆಡಿಟರ್ ಮಾತು ಬೇಕಂತಲೇ ಹಾಕಿದೆ. ಅದು ಇಲ್ಲದಿದ್ದರೆ ರಿಟರ್ನ್ ನಾನೇ ಸಲ್ಲಿಸುತ್ತೇನೆ ಅಂದುಕೊಳ್ಳುತ್ತಾರೆ. 'ಅಕೌಂಟೆಂಟ್' ಅನ್ನುವ ಹುದ್ದೆಯನ್ನೂ ಹಾಕಲಿಲ್ಲ, 'ಲೆಕ್ಕದಲ್ಲಿ ಸಹಾಯ, ಕುಟುಂಬದ ಅಂಗಡಿ' ಅಂತಷ್ಟೇ ಬರೆದೆ. ಇನ್ನೊಂದು ವಿಷಯ: ಬರೆದದ್ದನ್ನು ಮೊದಲು ಮಾವನಿಗೆ ತೋರಿಸಿದೆ. "ಬಿಲ್ ಎಷ್ಟು ಅಂತ ಹಾಕು, ವ್ಯಾಪಾರ ಎಷ್ಟು ಅಂತ ಬೇಡಮ್ಮ" ಅಂದರು. ವಹಿವಾಟಿನ ಮೊತ್ತ, ಮಾರಿದವರ ಹೆಸರು, ಎಕ್ಸೆಲ್ ಹಾಳೆಯ ಫೋಟೋ ಯಾವುದೂ ಹಾಕಲಿಲ್ಲ. ಲೆಕ್ಕದ ಕೆಲಸ ಕೇಳುವವಳು ಬೇರೆಯವರ ಲೆಕ್ಕ ಹೊರಗೆ ಹಾಕಿದರೆ ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ?

ಮೂರನೇ ವಾರದಲ್ಲಿ ಊರಿನದೇ ಒಂದು ಆಡಿಟ್ ಆಫೀಸಿನಿಂದ ಫೋನ್ ಬಂತು. ಮೊದಲ ಪ್ರಶ್ನೆಯೇ, "ಏನಮ್ಮಾ, ಒಂದೇ ಮೊತ್ತದ ಎರಡು ಬಿಲ್ ಬಂದರೆ ಏನು ಮಾಡ್ತೀಯ?" ತಾರೀಕು ನೋಡುತ್ತೇನೆ, ಅದೂ ಒಂದೇ ಆದರೆ ಬಿಲ್ ತೆಗೆದು ನಂಬರಿನ ಕೊನೆಯ ಅಂಕಿಗಳನ್ನು ನೋಡುತ್ತೇನೆ ಅಂದೆ. ಸೋಮವಾರ ಬಾ ಅಂದರು.