ಅರಬ್ಬಿಯಲ್ಲಿ ‘ನನ್ನ ಹತ್ತಿರ ಇದೆ’ ಅನ್ನುವುದು ಹೇಗೆ?

ಗಲ್ಫ್‌ಗೆ ಹೊರಟವರು ಅರಬ್ಬಿ ಕಲಿಯಲು ಕೂತಾಗ ಮೊದಲ ವಾರವೇ ಕೇಳುವ ಪ್ರಶ್ನೆ ಒಂದಿದೆ: ‘ಹ್ಯಾವ್‌ಗೆ ಅರಬ್ಬಿಯಲ್ಲಿ ಏನು?’ ಅಂಥ ಕ್ರಿಯಾಪದ ಅಲ್ಲಿ ಇಲ್ಲವೇ ಇಲ್ಲ. ಕನ್ನಡದಲ್ಲೂ ಇಲ್ಲ, ಅಲ್ವಾ? ‘ನನ್ನ ಹತ್ತಿರ ಕಾರಿದೆ’, ‘ನನಗೆ ಇಬ್ಬರು ಮಕ್ಕಳು’ ಅಂತೀವಿ. ಅರಬ್ಬಿಯದೂ ಇದೇ ದಾರಿ. ಹಾಗಾಗಿ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದಲೇ ಶುರು ಮಾಡಿ.

ಮೊದಲು ‘ಇಂದ’ ಎಂಬ ಪದ ಹಿಡಿಯಿರಿ. ಅದರ ಅರ್ಥ ‘ಹತ್ತಿರ’. ಮೊದಲ ಅಕ್ಷರ ‘ಐನ್’, ಗಂಟಲನ್ನು ಸ್ವಲ್ಪ ಬಿಗಿ ಹಿಡಿದು ಹೇಳುವ ಸದ್ದು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ, ಕೇಳಿಯೇ ಕಲಿಯಬೇಕು. ಯಾರ ಹತ್ತಿರ ಅನ್ನುವುದನ್ನು ಇದರ ಬಾಲಕ್ಕೆ ಅಂಟಿಸಬೇಕು. ಇಂದೀ ಅಂದರೆ ನನ್ನ ಹತ್ತಿರ. ಗಂಡಸಿಗೆ ಹೇಳುವಾಗ ಇಂದಕ, ಹೆಂಗಸಿಗೆ ಇಂದಕಿ. ಇಂದಹು ಅವನ ಹತ್ತಿರ, ಇಂದಹಾ ಅವಳ ಹತ್ತಿರ, ಇಂದನಾ ನಮ್ಮ ಹತ್ತಿರ.

ಇನ್ನು ವಸ್ತುವಿನ ಹೆಸರು ಸೇರಿಸಿ. ‘ಇಂದೀ ಸಯ್ಯಾರಾ’ ಅಂದರೆ ನನ್ನ ಹತ್ತಿರ ಕಾರಿದೆ. ‘ಇದೆ’ಗೆ ಬೇರೆ ಪದ ಬೇಡ. ‘ನನಗೆ ಇಬ್ಬರು ಮಕ್ಕಳು’ ಅಂದಾಗ ನಾವೂ ಅದನ್ನು ಬಿಟ್ಟೇ ಬಿಡ್ತೀವಿ.

ಪದಗಳ ಕ್ರಮವೂ ಕನ್ನಡದ ಕಿವಿಗೆ ಹೊಸದಲ್ಲ. ‘ಇಂದೀ ಕಿತಾಬ್’ ಅಂದರೆ ನನ್ನ ಹತ್ತಿರ ಒಂದು ಪುಸ್ತಕ ಇದೆ. ತಿರುಗಿಸಿ ‘ಅಲ್-ಕಿತಾಬ್ ಇಂದೀ’ ಅಂದರೆ, ನೀವು ಹುಡುಕುತ್ತಿರುವ ಆ ಪುಸ್ತಕ ನನ್ನ ಹತ್ತಿರ ಇದೆ. ಅದು ನನ್ನದೇ ಆಗಿರಬೇಕಿಲ್ಲ.

ನನ್ನದೇ ಅನ್ನಲು ಬೇಕಾದ ಪದ ‘ಲಿ’. ಇದು ನಮ್ಮ ‘-ಗೆ’ ಪ್ರತ್ಯಯ ಅಂದುಕೊಳ್ಳಿ. ‘ಅಲ್-ಕಿತಾಬ್ ಲೀ’ ಅಂದರೆ ಪುಸ್ತಕ ನನ್ನದು, ನನಗೆ ಸೇರಿದ್ದು. ‘ಲೀ ಅಖ್’ ಅಂದರೆ ನನಗೊಬ್ಬ ಅಣ್ಣನೋ ತಮ್ಮನೋ ಇದ್ದಾನೆ. ‘ಲಿಲ್-ಬೈತ್ ಬಾಬಾನ್’ ಅಂದರೆ ಮನೆಗೆ ಎರಡು ಬಾಗಿಲು. ಮನೆಯ ‘ಹತ್ತಿರ’ ಬಾಗಿಲಿದೆ ಅಂತ ನಾವು ಹೇಳಲ್ಲ, ಅರಬ್ಬಿಯವರೂ ‘ಇಂದ’ ಹಾಕುವುದಿಲ್ಲ. ಒಂದು ವಿಷಯ ನೆನಪಿಡಿ: ‘ಲೀ’ ಒಂದನ್ನು ಬಿಟ್ಟರೆ ಉಳಿದ ಸರ್ವನಾಮಗಳ ಜೊತೆ ಅದು ‘ಲ’ ಆಗುತ್ತದೆ. ಲಕ, ಲಹು, ಲನಾ.

ಮೂರನೆಯದು ‘ಮಅ’, ಅಂದರೆ ಜೊತೆ. ಈಗ, ಕೈಯಲ್ಲೋ ಜೇಬಲ್ಲೋ ಇರುವುದಕ್ಕೆ ಇದು. ನಮ್ಮವರು ಜಾಸ್ತಿ ಎಡವುವುದು ಇಲ್ಲೇ, ಯಾಕಂದ್ರೆ ಕನ್ನಡದ ‘ಹತ್ತಿರ’ ಎರಡೂ ಕೆಲಸ ಮಾಡುತ್ತದೆ. ಕೈರೋದ ಟ್ಯಾಕ್ಸಿಯವನು ‘ಮಆಕ್ ಫಕ್ಕಾ?’ ಅಂದರೆ ಈಗ ಜೇಬಲ್ಲಿ ಚಿಲ್ಲರೆ ಇದೆಯಾ ಅಂತ. ಕಾರು ಮನೆಯಲ್ಲೇ ನಿಂತಿದ್ದರೂ ‘ಇಂದೀ ಸಯ್ಯಾರಾ’ ಅನ್ನಬಹುದು. ‘ಮಈ ಸಯ್ಯಾರಾ’ ಅಂದರೆ ಈಗ ಕಾರು ತಂದಿದ್ದೇನೆ ಅಂತ. ಅದು ಸ್ನೇಹಿತನ ಕಾರೂ ಆಗಿರಬಹುದು.

‘-ಗೆ’ ಕೈಕೊಡುವ ಜಾಗವೂ ಒಂದಿದೆ. ನಾವು ‘ನನಗೆ ತಲೆನೋವು’ ಅಂತೀವಿ. ಅದನ್ನು ನಂಬಿ ‘ಲೀ’ ಹಾಕಬೇಡಿ. ಅಲ್ಲಿ ‘ಇಂದೀ ಸುದಾ’ ಅನ್ನಬೇಕು. ಆಡುಮಾತಿನಲ್ಲಿ ಅಣ್ಣತಮ್ಮಂದಿರಿಗೂ ‘ಇಂದೀ’ ಕೇಳಿಬರುತ್ತದೆ. ಅದು ತಪ್ಪಲ್ಲ.

ಈಗ ಒಂದು ಪೂರ್ತಿ ವಾಕ್ಯ ಕಟ್ಟೋಣ: ‘ನನ್ನ ಹತ್ತಿರ ಕಾರಿತ್ತು, ಈಗ ಇಲ್ಲ.’ ‘ಇತ್ತು’ಗೆ ಕಾನ. ‘ನಾನು ಇದ್ದೆ’ ಅನ್ನುವ ರೂಪ ಕುಂತು. ಇಂಗ್ಲಿಷ್ ಮೂಲಕ ಬಂದವರು ‘ಐ ಹ್ಯಾಡ್’ನಲ್ಲಿರುವ ‘ಐ’ ನೋಡಿ ‘ಕುಂತು ಇಂದೀ’ ಅಂದುಬಿಡುತ್ತಾರೆ. ಅದು ‘ನನ್ನ ಹತ್ತಿರ ಕಾರು ಇದ್ದೆ’ ಅಂದ ಹಾಗೆ! ಇದ್ದದ್ದು ಕಾರು, ನಾನಲ್ಲ. ಸಯ್ಯಾರಾ ಸ್ತ್ರೀಲಿಂಗ, ಹಾಗಾಗಿ ‘ಕಾನತ್ ಇಂದೀ ಸಯ್ಯಾರಾ’. ‘ಇಲ್ಲ’ ಅನ್ನಲು ಬರವಣಿಗೆಯಲ್ಲಿ ‘ಲೈಸ’ ಬರುತ್ತದೆ: ‘ವಲ್-ಆನ್ ಲೈಸ ಇಂದೀ ಸಯ್ಯಾರಾ’. ಗಲ್ಫ್‌ನ ಆಡುಮಾತಿನಲ್ಲಿ ಇಷ್ಟೆಲ್ಲ ಇಲ್ಲ: ‘ಕಾನ್ ಇಂದೀ ಸಯ್ಯಾರಾ, ಅಲ್‌ಹೀನ್ ಮಾ ಇಂದೀ.’ ಈಜಿಪ್ಟಿನವರಾದರೆ ಕೊನೆಗೊಂದು ‘ಶ್’ ಸೇರಿಸಿ ‘ಮಅಂದೀಶ್’ ಅನ್ನುತ್ತಾರೆ.

ಪತ್ರಿಕೆ ಓದುವಾಗ, ವಾರ್ತೆ ಕೇಳುವಾಗ ‘ಲದಯ್ಯ’ ಸಿಕ್ಕರೆ ಗಾಬರಿ ಬೇಡ. ಅದು ‘ಇಂದೀ’ಯ ಗ್ರಾಂಥಿಕ ರೂಪದಂತೆ. ಅಂಗಡಿಯಲ್ಲಿ ನಿಂತು ಬ್ರೆಡ್ ಕೇಳುವಾಗ ‘ಇಂದಕ್ ಖುಬ್ಜ್?’ ಅಂದರೆ ಸಾಕು.