ಹತ್ತು ಲಕ್ಷ ಅಕ್ಷರ ದೂರದ ಸ್ವಿಚ್ ತನ್ನ ಜೀನನ್ನು ಮುಟ್ಟುತ್ತದಾ? ಪತ್ತೆ ಮಾಡುವುದು ಹೀಗೆ

ಹೆಬ್ಬೆರಳಿನ ಪಕ್ಕ ಇನ್ನೊಂದು ಬೆರಳಿನೊಂದಿಗೆ ಕೆಲವು ಮಕ್ಕಳು ಹುಟ್ಟುತ್ತಾರೆ. ಕೆಲವು ಮನೆತನಗಳಲ್ಲಿ ಇದು ಅಜ್ಜನಿಂದ ಮೊಮ್ಮಗನವರೆಗೂ ಬರುತ್ತದೆ. ಕೈಯಲ್ಲಿ ಎಷ್ಟು ಬೆರಳು, ಯಾವುದು ಎಲ್ಲಿ ಎಂದು ತೀರ್ಮಾನಿಸುವ ಮುಖ್ಯ ಜೀನ್‌ಗಳಲ್ಲಿ ಸಾನಿಕ್ ಹೆಜ್‌ಹಾಗ್ ಒಂದು. ಆದರೆ ಇಂಥ ಎಷ್ಟೋ ಕುಟುಂಬಗಳಲ್ಲಿ ಆ ಜೀನನ್ನು ಪೂರ್ತಿ ಓದಿದರೂ ತಪ್ಪು ಸಿಗುವುದಿಲ್ಲ. ತಪ್ಪು ಇರುವುದು ಡಿಎನ್ಎಯ ಸುಮಾರು 10 ಲಕ್ಷ ಅಕ್ಷರ ಆಚೆ, ಎಲ್‌ಎಂಬಿಆರ್1 ಎಂಬ ಬೇರೆಯದೇ ಜೀನಿನ ಹೊಟ್ಟೆಯೊಳಗೆ. ಅಲ್ಲಿ ಸುಮಾರು 800 ಅಕ್ಷರದ ಒಂದು ತುಣುಕಿದೆ, ಹೆಸರು ಜೆಡ್‌ಆರ್‌ಎಸ್. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಬೆರಳು ಹೆಚ್ಚಾಗಬಹುದು ಎಂದು ಎಡಿನ್‌ಬರಾದ ಸಂಶೋಧಕರು 2003ರಲ್ಲಿ ತೋರಿಸಿದರು. ಎರಡು ವರ್ಷದ ನಂತರ ಜಪಾನಿನ ತಂಡವೊಂದು ಇಲಿಗಳಲ್ಲಿ ಈ ತುಣುಕನ್ನೇ ಕಿತ್ತುಹಾಕಿತು. ಮರಿಗಳ ಕಾಲಿನ ತುದಿಭಾಗ ಬೆಳೆಯಲೇ ಇಲ್ಲ. ಜೀನ್ ಮಾತ್ರ ಪೂರ್ತಿ ಸರಿಯಾಗಿತ್ತು.

ಜೆಡ್‌ಆರ್‌ಎಸ್ ಒಂದು ಎನ್‌ಹ್ಯಾನ್ಸರ್, ಅಂದರೆ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಜೀನ್ ಆನ್ ಆಗಬೇಕು ಎಂದು ಹೇಳುವ ತುಣುಕು. ಆನ್ ಆಗುವ ಕೆಲಸ ನಡೆಯುವುದು ಜೀನಿನ ಬಾಗಿಲಲ್ಲಿರುವ ಪ್ರೊಮೋಟರ್ ಬಳಿ. ಇವೆರಡರ ನಡುವಿನ ಡಿಎನ್ಎಯನ್ನು ನೇರವಾಗಿ ಎಳೆದರೆ ಸುಮಾರು ಮೂರನೇ ಒಂದು ಮಿಲಿಮೀಟರ್ ಆಗುತ್ತದೆ. ಅದು ಇರುವ ಕೋಶಕೇಂದ್ರದ ಅಗಲ ಅದರ ಮೂವತ್ತನೇ ಒಂದು ಭಾಗದಷ್ಟೂ ಇಲ್ಲ. ಹಾಗಾಗಿ ಎಳೆ ಮಡಚಿಕೊಳ್ಳಲೇಬೇಕು. ಮಡಚಿದಾಗ ಈ ಎರಡು ತುದಿ ಒಂದಕ್ಕೊಂದು ಹತ್ತಿರ ಬರುತ್ತವಾ ಎಂಬುದೇ ಪ್ರಶ್ನೆ. ಇದನ್ನು ಕೇಳುವ ವಿಧಾನವನ್ನು ಯಾಪ್ ಡೆಕ್ಕರ್ ಮತ್ತು ಸಂಗಡಿಗರು 2002ರಲ್ಲಿ ಯೀಸ್ಟ್ ಮೇಲೆ ಮಾಡಿ ತೋರಿಸಿದರು. ಲ್ಯಾಬಿನಲ್ಲಿ ಎಲ್ಲರೂ ಅದನ್ನು ತ್ರೀ-ಸಿ ಎನ್ನುತ್ತಾರೆ. ಇದರ ಉಪಾಯ ಸರಳ: ಹತ್ತಿರ ಇದ್ದದ್ದನ್ನು ಅಲ್ಲೇ ಹಿಡಿದಿಡಿ, ಕತ್ತರಿಸಿ, ಪಕ್ಕಪಕ್ಕದ ತುದಿಗಳನ್ನು ಅಂಟಿಸಿ, ಯಾವುದಕ್ಕೆ ಯಾವುದು ಅಂಟಿತು ಎಂದು ನೋಡಿ.

ಹಿಡಿದಿಡುವುದು

ಗರ್ಭ ಕಟ್ಟಿ ಹನ್ನೊಂದೂವರೆ ದಿನವಾದ ಇಲಿಯ ಭ್ರೂಣದಲ್ಲಿ ಕಾಲು ಇನ್ನೂ ಒಂದು ಮೊಗ್ಗು. ಆ ಮೊಗ್ಗಿನ ಹಿಂಬದಿಯ ಅಂಚಿನಲ್ಲಿ ಮಾತ್ರ ಸಾನಿಕ್ ಹೆಜ್‌ಹಾಗ್ ಆನ್ ಆಗಿರುತ್ತದೆ. ಹಾಗಾಗಿ ಹಿಂಬದಿಯನ್ನೂ ಮುಂಬದಿಯನ್ನೂ ಬೇರೆ ಬೇರೆ ಕತ್ತರಿಸಿ ತೆಗೆಯಬೇಕು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಒಂದೇ ಅಂಗ, ಒಂದೇ ವಯಸ್ಸು, ಜೀನ್ ಮಾತ್ರ ಒಂದು ಕಡೆ ಆನ್, ಇನ್ನೊಂದು ಕಡೆ ಆಫ್. ಸಾಮಾನ್ಯ ತ್ರೀ-ಸಿಗೆ ಸುಮಾರು 1 ಕೋಟಿ ಕೋಶ ಬೇಕು, ಮೊಗ್ಗಿನ ಅಂಚು ಅಷ್ಟು ಕೊಡುವುದಿಲ್ಲ. ತುಂಬಾ ಭ್ರೂಣಗಳನ್ನು ಕೂಡಿಸಬೇಕಾಗುತ್ತದೆ.

ಅಂಗಾಂಶವನ್ನು ಕಿಣ್ವ ಹಾಕಿ ಬಿಡಿ ಬಿಡಿ ಕೋಶಗಳಾಗಿ ಮಾಡಿಕೊಂಡು 2% ಫಾರ್ಮಾಲ್ಡಿಹೈಡ್‌ನಲ್ಲಿ 10 ನಿಮಿಷ ಇಡುತ್ತಾರೆ. ಫಾರ್ಮಾಲ್ಡಿಹೈಡ್ ಡಿಎನ್ಎ ಮತ್ತು ಪ್ರೋಟೀನ್‌ಗಳನ್ನು ಇದ್ದಲ್ಲೇ ಒಂದಕ್ಕೊಂದು ಕಟ್ಟಿಹಾಕುತ್ತದೆ. ಎರಡು ಡಿಎನ್ಎ ತುಣುಕುಗಳು ನಡುವಿನ ಪ್ರೋಟೀನ್‌ಗಳ ಮೂಲಕ ಜೊತೆಯಲ್ಲಿ ಉಳಿಯುತ್ತವೆ. ಆಮೇಲೆ ಗ್ಲೈಸಿನ್ ಹಾಕಿ ನಿಲ್ಲಿಸಬೇಕು. ಇಲ್ಲಿ ಗಡಿಯಾರ ನೋಡಿಕೊಂಡೇ ಕೆಲಸ ಮಾಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಎಲ್ಲವೂ ಗಟ್ಟಿಯಾಗಿ ಮುಂದೆ ಕತ್ತರಿ ಒಳಗೇ ಇಳಿಯುವುದಿಲ್ಲ. ಕಡಿಮೆಯಾದರೆ ಹಿಡಿತವೇ ಸಿಗುವುದಿಲ್ಲ.

ಕತ್ತರಿಸುವುದು, ಅಂಟಿಸುವುದು

ಕೋಶದ ಹೊರಪೊರೆ ಒಡೆದು ಕೋಶಕೇಂದ್ರ ಮಾತ್ರ ಉಳಿಸಿಕೊಳ್ಳಿ. ಸ್ವಲ್ಪ ಎಸ್‌ಡಿಎಸ್ ಎಂಬ ಮಾರ್ಜಕ ಹಾಕಿ 37 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸಿದರೆ ಒಳಗಿನ ಕಟ್ಟು ಸಡಿಲವಾಗುತ್ತದೆ. ಆದರೆ ಅದೇ ಎಸ್‌ಡಿಎಸ್ ಕಿಣ್ವವನ್ನೂ ಕೊಲ್ಲುತ್ತದೆ. ಅದಕ್ಕೇ ಟ್ರೈಟಾನ್ ಎಂಬ ಇನ್ನೊಂದು ಮಾರ್ಜಕ ಸೇರಿಸಿ ಅದರ ಪ್ರಭಾವ ಇಳಿಸಿದ ಮೇಲೆಯೇ ಹಿಂಡ್-3 ಎಂಬ ಕತ್ತರಿ ಕಿಣ್ವ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಹಿಂಡ್-3 `AAGCTT` ಕಂಡಲ್ಲೆಲ್ಲ ಕತ್ತರಿಸುತ್ತದೆ. ಆರು ಅಕ್ಷರದ ಈ ಗುರುತು ಸರಾಸರಿ ಸುಮಾರು 4000 ಅಕ್ಷರಕ್ಕೊಮ್ಮೆ ಬರುತ್ತದೆ. ಇಲಿಯಲ್ಲಿ ಜೆಡ್‌ಆರ್‌ಎಸ್ ಮತ್ತು ಜೀನಿನ ನಡುವಿನ ದೂರ ಸುಮಾರು 8.5 ಲಕ್ಷ ಅಕ್ಷರ. ಅಂದರೆ ನಡುವೆ ಸುಮಾರು 200 ತುಂಡು.

ಕತ್ತರಿ ಸರಿಯಾಗಿ ಬಿದ್ದಿದೆಯಾ ಎಂದು ಮೊದಲು, ಡಿಎನ್ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ ನೋಡಬೇಕು. ಕತ್ತರಿಸದ ಡಿಎನ್ಎ ಮೇಲೆ ಒಂದು ಬಿಗಿ ಪಟ್ಟಿಯಾಗಿ ನಿಲ್ಲುತ್ತದೆ. ಕತ್ತರಿಸಿದ್ದು ಕೆಳಗಿನವರೆಗೆ ಹೊಗೆಯಂತೆ ಹರಡುತ್ತದೆ. ಆದರೆ ಜೆಲ್ ಒಟ್ಟಾರೆ ಚಿತ್ರ ಕೊಡುತ್ತದೆ ಅಷ್ಟೆ. ನಾವು ಕೇಳುತ್ತಿರುವ ಜಾಗಗಳಲ್ಲೇ ಎಷ್ಟು ಕತ್ತರಿಸಿದೆ ಎಂದು ಆ ಗುರುತಿನ ಎರಡೂ ಬದಿಗೆ ಪ್ರೈಮರ್ ಎಂಬ ಚಿಕ್ಕ ಡಿಎನ್ಎ ಚೂರುಗಳನ್ನು ಇಟ್ಟು, ಅವುಗಳ ನಡುವಿನ ಭಾಗವನ್ನು ಮತ್ತೆ ಮತ್ತೆ ನಕಲು ಮಾಡುವ ಪಿಸಿಆರ್‌ನಲ್ಲಿ ಅಳೆಯಬೇಕು. 70-80%ಗಿಂತ ಕಡಿಮೆ ಇದ್ದರೆ ಮುಂದೆ ಹೋಗಬೇಡಿ. ಒಂದು ಜಾಗ ಚೆನ್ನಾಗಿ ಕತ್ತರಿಸಿ ಇನ್ನೊಂದು ಕತ್ತರಿಸದಿದ್ದರೆ, ಕೊನೆಯಲ್ಲಿ ಕಾಣುವುದು ಕತ್ತರಿಯ ವ್ಯತ್ಯಾಸ, ಮಡಚಿನ ವ್ಯತ್ಯಾಸ ಅಲ್ಲ.

ಈಗ ಕಿಣ್ವ ನಿಲ್ಲಿಸಿ, ದ್ರಾವಣವನ್ನು ಹಲವು ಪಟ್ಟು ತೆಳು ಮಾಡಿ, ಲೈಗೇಸ್ ಎಂಬ ಅಂಟಿಸುವ ಕಿಣ್ವ ಹಾಕಿ 16 ಡಿಗ್ರಿಯಲ್ಲಿ ಅಂಟಿಸಬೇಕು. ತೆಳು ಮಾಡುವುದರಿಂದ ಬೇರೆ ಬೇರೆ ಗಂಟುಗಳ ತುದಿಗಳು ಪರಸ್ಪರ ಸಿಗುವ ಅವಕಾಶ ಕಡಿಮೆಯಾಗುತ್ತದೆ. ಒಂದೇ ಗಂಟಿನಲ್ಲಿ ಹಿಡಿದಿಟ್ಟ ತುದಿಗಳೇ ಹೆಚ್ಚಾಗಿ ಅಂಟುತ್ತವೆ. ಕೊನೆಗೆ ಪ್ರೋಟೀನೇಸ್ ಹಾಕಿ 65 ಡಿಗ್ರಿಯಲ್ಲಿ ರಾತ್ರಿ ಇಟ್ಟರೆ ಫಾರ್ಮಾಲ್ಡಿಹೈಡ್ ಕಟ್ಟು ಬಿಡಿಸಿಕೊಳ್ಳುತ್ತದೆ. ಉಳಿಯುವುದು ಹೊಸ ಜೋಡಣೆಗಳಿರುವ ಡಿಎನ್ಎ. ಜೆಲ್‌ನಲ್ಲಿ ಆ ಹೊಗೆ ಮತ್ತೆ ಮೇಲಕ್ಕೆ ಹೋಗಿ ಪಟ್ಟಿಯಾಗಬೇಕು. ಹೊಗೆಯಾಗಿಯೇ ಉಳಿದಿದ್ದರೆ ಅಂಟಿಲ್ಲ ಎಂದೇ ಅರ್ಥ.

ಓದುವುದು

ಪ್ರೈಮರ್ ಬರೆಯುವಾಗ ಒಂದು ಜಾಣತನವಿದೆ. ಎರಡೂ ಪ್ರೈಮರ್‌ಗಳು ಮೂಲ ಕ್ರೋಮೋಸೋಮಿನಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಆಗ ಕತ್ತರಿಸದ ಡಿಎನ್ಎಯಿಂದ ಏನೂ ಹುಟ್ಟುವುದಿಲ್ಲ. ಎರಡು ತುಂಡುಗಳು ಬಾಲಕ್ಕೆ ಬಾಲ ಅಂಟಿದಾಗ ಮಾತ್ರ ಅವು ಎದುರುಬದುರಾಗುತ್ತವೆ.

```
ಮೂಲದಲ್ಲಿ :  P1>>>--AAGCTT ........ P2>>>--AAGCTT
ಅಂಟಿದ ಮೇಲೆ:  P1>>>--AAGCTT--<<<P2
```

ಒಂದು ಪ್ರೈಮರ್ ಪ್ರೊಮೋಟರ್ ತುಂಡಿನಲ್ಲಿ ಸ್ಥಿರವಾಗಿರಲಿ. ಇನ್ನೊಂದನ್ನು ಜೆಡ್‌ಆರ್‌ಎಸ್ ತುಂಡಿನಲ್ಲಿ, ಅದರ ಎಡಬಲದ ಹಲವು ತುಂಡುಗಳಲ್ಲಿ, ನಡುವಿನ ಬೇರೆ ತುಂಡುಗಳಲ್ಲಿ ಬರೆಯಿರಿ. ಯಾಕೆ ಇಷ್ಟೊಂದು? ಪ್ರೊಮೋಟರ್‌ನ ಪಕ್ಕದಲ್ಲಿರುವ ತುಂಡುಗಳು ಯಾವ ವಿಶೇಷ ಮಡಚೂ ಇಲ್ಲದೆ ಸುಮ್ನೆ ಅಕ್ಕಪಕ್ಕ ಇರುವುದಕ್ಕೇ ಜಾಸ್ತಿ ಅಂಟುತ್ತವೆ. ದೂರ ಹೋದಂತೆ ಸಂಕೇತ ಇಳಿಯುತ್ತಾ ಹೋಗುತ್ತದೆ. ಜೆಡ್‌ಆರ್‌ಎಸ್ ಬಳಿ ಮಾತ್ರ ಅದು ಮತ್ತೆ ಮೇಲೆದ್ದು, ದಾಟಿದ ಮೇಲೆ ಇಳಿದರೆ ಆಗ ಅದು ಲೂಪ್, ಅಂದರೆ ಎರಡು ತುದಿ ಪಕ್ಕಕ್ಕೆ ಬಂದು ಆದ ಕುಣಿಕೆ. ಜೆಡ್‌ಆರ್‌ಎಸ್ ಒಂದೇ ಕಡೆ ಪಿಸಿಆರ್ ಪಟ್ಟಿ ಬಂತು ಎಂದು ಲೂಪ್ ಘೋಷಿಸುವುದು ತಪ್ಪು. ಪಿಸಿಆರ್ ಅನ್ನು ಸಾಕಷ್ಟು ಸುತ್ತು ಓಡಿಸಿದರೆ ಯಾವ ಜೋಡಿಯೂ ಒಂದಿಷ್ಟು ಪಟ್ಟಿ ಕೊಡುತ್ತದೆ.

ಪ್ರೈಮರ್ ಜೋಡಿಗಳೆಲ್ಲ ಸಮನಾಗಿ ಕೆಲಸ ಮಾಡುವುದಿಲ್ಲ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಪ್ರದೇಶವನ್ನು ಪೂರ್ತಿ ಮುಚ್ಚುವ, ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಡಿಎನ್ಎ ಕ್ಲೋನ್‌ಗಳನ್ನು ಸಮಪ್ರಮಾಣದಲ್ಲಿ ಬೆರೆಸಿ, ಕತ್ತರಿಸಿ, ಯದ್ವಾತದ್ವಾ ಅಂಟಿಸಿದರೆ ಎಲ್ಲ ಜೋಡಣೆಯೂ ಸಮನಾಗಿರುವ ಒಂದು ಮಾದರಿ ಸಿಗುತ್ತದೆ. ಪ್ರತಿ ಜೋಡಿಯ ಅಳತೆಯನ್ನು ಅದರಿಂದ ಭಾಗಿಸಿ. ಲೈಗೇಸ್ ಹಾಕದ ಮಾದರಿಯೂ ಪಕ್ಕದಲ್ಲಿರಲಿ, ಅದರಲ್ಲಿ ಏನೂ ಬರಬಾರದು.

8.5 ಲಕ್ಷ ಅಕ್ಷರ ಎಂಬುದು ಜೋಡಿ ಜೋಡಿ ಪಿಸಿಆರ್‌ಗೆ ತುಸು ಜಾಸ್ತಿ ದೂರವೇ. ಅಷ್ಟು ದೂರದಲ್ಲಿ ಸಂಕೇತ ತೀರಾ ಸಣ್ಣದು. ಈಗ ಇಂಥ ಕಡೆ ಪ್ರೊಮೋಟರ್ ತುಂಡಿಗೆ ಅಂಟಿದ ಎಲ್ಲವನ್ನೂ ಒಟ್ಟಿಗೆ ಓದುವ ಫೋರ್-ಸಿ ಬಳಸುವುದು ವಾಸಿ. ಮೊದಲ ಹಂತಗಳು ಮಾತ್ರ ಹೆಚ್ಚುಕಡಿಮೆ ಇವೇ.

ವಠಾರದ ಗೋಡೆ

ಎಲ್ಲ ತುಂಡುಗಳೂ ಎಲ್ಲ ತುಂಡುಗಳ ಜೊತೆ ಎಷ್ಟು ಅಂಟುತ್ತವೆ ಎಂದು ಒಂದೇ ಸಲ ಓದುವ ವಿಧಾನ ಹೈ-ಸಿ, ಬಂದಿದ್ದು 2009ರಲ್ಲಿ. ಆ ನಕ್ಷೆಗಳನ್ನು ಇನ್ನಷ್ಟು ಹತ್ತಿರದಿಂದ ನೋಡಿದಾಗ 2012ರಲ್ಲಿ ಕ್ರೋಮೋಸೋಮ್ ವಠಾರ ವಠಾರವಾಗಿ ಕಂಡಿತು. ಒಂದೊಂದು ಲಕ್ಷಗಟ್ಟಲೆ ಅಕ್ಷರ ಉದ್ದ. ಒಳಗಿನ ತುಂಡುಗಳು ಒಳಗಿನವರ ಜೊತೆ ಜಾಸ್ತಿ, ಹೊರಗಿನವರ ಜೊತೆ ಕಡಿಮೆ. ಇವುಗಳ ಹೆಸರು ಟ್ಯಾಡ್. ಸಾನಿಕ್ ಹೆಜ್‌ಹಾಗ್ ತನ್ನ ಟ್ಯಾಡ್‌ನ ಒಂದು ಅಂಚಿನ ಬಳಿ ಇದೆ, ಜೆಡ್‌ಆರ್‌ಎಸ್ ಇನ್ನೊಂದು ಅಂಚಿನ ಬಳಿ.

ಅಂಚುಗಳಲ್ಲಿ ಹೆಚ್ಚಾಗಿ ಸಿಟಿಸಿಎಫ್ ಎಂಬ ಪ್ರೋಟೀನ್ ಕೂತಿರುತ್ತದೆ. ಕೊಹೆಸಿನ್ ಎಂಬ ಉಂಗುರದಂಥ ಪ್ರೋಟೀನ್ ಎಳೆಯನ್ನು ಹಿಡಿದು ಒಳಗೆಳೆದುಕೊಳ್ಳುತ್ತಾ ಲೂಪನ್ನು ದೊಡ್ಡದು ಮಾಡುತ್ತದೆ. ತನ್ನತ್ತ ಮುಖ ಮಾಡಿದ ಸಿಟಿಸಿಎಫ್ ಸಿಕ್ಕಾಗ ಆ ಬದಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಲೂಪಿನ ಬುಡದಲ್ಲಿ ಪರಸ್ಪರ ಎದುರು ಮುಖ ಮಾಡಿದ ಎರಡು ಸಿಟಿಸಿಎಫ್‌ಗಳು ಸಿಗುತ್ತವೆ. ಸಾನಿಕ್ ಹೆಜ್‌ಹಾಗ್ ಮತ್ತು ಜೆಡ್‌ಆರ್‌ಎಸ್ ಇಂಥ ತುದಿಗಳ ಹತ್ತಿರವೇ ಇರುವುದರಿಂದ ಅಷ್ಟು ದೂರ ಇದ್ದರೂ ಪದೇ ಪದೇ ಪಕ್ಕಕ್ಕೆ ಬರುತ್ತವೆ.

ಟ್ಯಾಡ್ ಒಡೆದರೆ ಏನಾಗುತ್ತದೆ? ಇಲಿಯಲ್ಲಿ ಈ ಪ್ರದೇಶದ ತುಂಡೊಂದನ್ನು ತಿರುಗಿಸಿಟ್ಟು 2016ರಲ್ಲಿ ಅದನ್ನೂ ನೋಡಿದರು. ಟ್ಯಾಡ್ ಒಡೆದುಹೋದಾಗ ಜೆಡ್‌ಆರ್‌ಎಸ್ ಸರಿಯಾಗಿದ್ದೂ ಜೀನನ್ನು ತಲುಪಲಿಲ್ಲ, ಕಾಲು ಕೆಟ್ಟಿತು. ಆದರೆ ಎರಡರ ನಡುವಿನ ದೂರ ಕಡಿಮೆ ಮಾಡಿದಾಗ ಕೆಲಸ ಮತ್ತೆ ನಡೆಯಿತು. ಅಂದರೆ ದೂರವನ್ನು ಲೆಕ್ಕಕ್ಕಿಲ್ಲದಂತೆ ಮಾಡುವುದೇ ಈ ಟ್ಯಾಡ್‌ನ ಮುಖ್ಯ ಕೊಡುಗೆ ಎಂದು ನಾನು ಓದಿಕೊಳ್ಳುತ್ತೇನೆ.

ಅಳತೆ ಹೇಳದಿರುವುದು

ತ್ರೀ-ಸಿ ಕೊಡುವುದು ದೂರವನ್ನಲ್ಲ, ಲಕ್ಷಾಂತರ ಕೋಶಗಳಲ್ಲಿ ಎಷ್ಟು ಸಲ ಅಂಟಿತು ಎಂಬ ಲೆಕ್ಕವನ್ನು. ಮೊಗ್ಗಿನ ಮುಂಬದಿಯಲ್ಲಿ ಜೀನ್ ಆಫ್ ಇದ್ದರೂ ಜೆಡ್‌ಆರ್‌ಎಸ್ ಸಾಕಷ್ಟು ಹತ್ತಿರ ಸಿಗುತ್ತದೆ. ಹಿಂಬದಿಯಲ್ಲಿ ಅದು ಜಾಸ್ತಿ. ಹತ್ತಿರ ಬಂದದ್ದು ಆನ್ ಆದದ್ದಕ್ಕೆ ಕಾರಣವೋ ಪರಿಣಾಮವೋ ಎಂದು ಈ ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಸೂಕ್ಷ್ಮದರ್ಶಕದಲ್ಲಿ ಎರಡೂ ತುಣುಕುಗಳಿಗೆ ಬಣ್ಣ ಹಚ್ಚಿ ಒಂದೊಂದೇ ಕೋಶ ನೋಡಬೇಕು, ಆಮೇಲೆ ಲೂಪನ್ನೇ ಕೆಡಿಸಿ ನೋಡಬೇಕು.

ಕೆಡಿಸಿಯೂ ನೋಡಿದ್ದಾರೆ. 2019ರಲ್ಲಿ ಪ್ರಕಟವಾದ ಕೆಲಸದಲ್ಲಿ ಇಲಿಯ ಈ ಸಿಟಿಸಿಎಫ್ ಜಾಗಗಳನ್ನು ತೆಗೆದುಹಾಕಿದಾಗ ಸಂಪರ್ಕ ಕಡಿಮೆಯಾಯಿತು, ಜೀನಿನ ಕೆಲಸ ಸುಮಾರು ಅರ್ಧಕ್ಕೆ ಇಳಿಯಿತು, ಆದರೂ ಕಾಲುಗಳು ಸರಿಯಾಗಿಯೇ ಬೆಳೆದವು. ಅದೇ ಇಲಿಗಳಲ್ಲಿ ಜೆಡ್‌ಆರ್‌ಎಸ್ ಕೂಡ ಸ್ವಲ್ಪ ದುರ್ಬಲವಾಗಿದ್ದಾಗ ಮಾತ್ರ ಬೆರಳುಗಳು ಕಾಣೆಯಾದವು.